ಪದಚರ್ಚೆ: ರಾಡಾರ್ ಚಿತ್ರದ ‘ಗ್ರೌಂಡ್ ಕ್ಲಟರ್’ಗೆ ‘ಹುಸಿಮಳೆ’ ಎನ್ನಬಹುದೇ?

ಪ್ರಶ್ನೆ

ಮಾನ್ಯರೇ, ಹವಾಮಾನ ರಾಡಾರಿನ ಚಿತ್ರಗಳನ್ನು ಓದುವ ಬಗೆಯನ್ನು ತಿಳಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೇ ಸಮನೆ ಬೀಳುವ ಮಳೆಗೆ ‘ಜಡಿಮಳೆ’ ಎಂದು ಬರೆದಿದ್ದೇನೆ; ಆಲಿಕಲ್ಲಿಗೆ ಬೇರೆ ಪದ ಬೇಕಿಲ್ಲ. ತೊಡಕಾಗಿರುವುದು ಗ್ರೌಂಡ್ ಕ್ಲಟರ್. ಗುಡ್ಡ, ಗೋಪುರ, ಕಟ್ಟಡಗಳಿಗೆ ತಾಗಿ ಮರಳಿದ ಅಲೆಯೂ ಚಿತ್ರದಲ್ಲಿ ಮಳೆಯ ಬಣ್ಣವನ್ನೇ ಪಡೆಯುವುದರಿಂದ ಅದನ್ನು ‘ಹುಸಿಮಳೆ’ ಎಂದು ಕರೆದೆ. ‘ನೆಲದ ಪ್ರತಿಧ್ವನಿ’ ಎನ್ನೋಣವೆಂದರೆ ಮರಳುವುದು ರೇಡಿಯೋ ಅಲೆಯೇ ಹೊರತು ಧ್ವನಿಯಲ್ಲ. ತಮ್ಮ ಅಭಿಪ್ರಾಯವೇನು?

ಉತ್ತರ 1

‘ಹುಸಿಮಳೆ’ ಚೆನ್ನಾಗಿಯೇ ಇದೆ. ಹಸಿರು, ಹಳದಿ ಹರಡಿಕೊಂಡಿದ್ದರೆ ಸಾಧಾರಣ ಮಳೆ, ಮರಳಿದ ಅಲೆಯ ಬಲ 55 dBZ ದಾಟಿ ಕೆಂಪು ನೇರಳೆಗೆ ತಿರುಗಿದರೆ ಆಲಿಕಲ್ಲು, ಅಲ್ಲಲ್ಲಿ ಚುಕ್ಕೆಗಳಾಗಿದ್ದರೆ ಹುಸಿಮಳೆ; ಬಣ್ಣದ ಪಟ್ಟಿಯೇ ಎಲ್ಲವನ್ನೂ ಹೇಳುತ್ತದೆ. ಆದರೆ ‘ಜಡಿಮಳೆ’ ಎಂದರೆ ನಾವು ರಭಸದ ಮಳೆಯೆಂದು ತಿಳಿಯುತ್ತೇವೆ. ಅದನ್ನು ಬದಲಾಯಿಸಬೇಕು.

ಉತ್ತರ 2

ಕಳೆದ ವಾರ ನಮ್ಮ ಮನೆಯ ಮೇಲೆ ಚಿತ್ರದಲ್ಲಿ ಒಂದು ಗಂಟೆ ಕಾಲ ಮಳೆಯಿತ್ತು, ಅಂಗಳ ಮಾತ್ರ ನೆನೆಯಲೇ ಇಲ್ಲ. ನೀವು ಕೇಳುತ್ತಿರುವ ಹುಸಿಮಳೆ ಇದೇ ಇರಬೇಕು. ನೆಲಕ್ಕೆ ಬಾರದ ಮಳೆಗೆ ‘ನೆಲದ’ ಎಂಬ ವಿಶೇಷಣ ಏಕೆ ಎಂಬುದು ನನಗೆ ತಿಳಿಯಲಿಲ್ಲ.

ಉತ್ತರ 3

ಎರಡನೆಯ ಉತ್ತರವೇ ‘ಹುಸಿಮಳೆ’ಯ ದೋಷವನ್ನು ತೋರಿಸಿಕೊಟ್ಟಿದೆ. ಅವರು ಕಂಡದ್ದು ಗ್ರೌಂಡ್ ಕ್ಲಟರ್ ಆಗಿರಲಾರದು. ರಾಡಾರಿನ ಕಿರಣ ಎತ್ತರದಲ್ಲಿ ನಿಜವಾದ ಹನಿಗಳನ್ನೇ ಕಂಡಿರಬಹುದು, ಅವು ಕೆಳಗಿನ ಒಣಗಾಳಿಯಲ್ಲಿ ಆವಿಯಾಗಿರಬಹುದು. ಓದುಗರು ‘ಹುಸಿಮಳೆ’ ಎಂದೊಡನೆ ಇದನ್ನೇ ನೆನೆಯುತ್ತಾರೆ. ಅದಲ್ಲದೆ ಗುಡ್ಡದಿಂದ ಮರಳಿದ ಅಲೆ ಎಷ್ಟೋ ಸಲ ಮಳೆಯಂತಲ್ಲ, ಆಲಿಕಲ್ಲಿನಂತೆ ಕಾಣುತ್ತದೆ.

ಬಣ್ಣದ ಪಟ್ಟಿಯೊಂದನ್ನೇ ನಂಬುವುದು ಅಪಾಯಕರ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕಿರಣವನ್ನು ಅಡ್ಡಮಟ್ಟದಿಂದ 0.5 ಡಿಗ್ರಿ ಓರೆಯಾಗಿ ಮೇಲೆತ್ತಿ ತೆಗೆದ ಚಿತ್ರವೊಂದರಲ್ಲಿ, ರಾಡಾರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, 58 dBZ ತೋರುವ ಎರಡು ನೇರಳೆ ಚುಕ್ಕೆಗಳಿವೆ ಎಂದಿಟ್ಟುಕೊಳ್ಳಿ. ಹತ್ತು ಹತ್ತು ನಿಮಿಷಕ್ಕೊಂದರಂತೆ ಆರು ಚಿತ್ರಗಳನ್ನು ಸಾಲಾಗಿ ನೋಡಿದಾಗ ಮೊದಲನೆಯ ಚುಕ್ಕೆ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ವೇಗವನ್ನು ತೋರುವ ಚಿತ್ರದಲ್ಲಿಯೂ ಅಲ್ಲಿ ಸೊನ್ನೆಯೇ ಇದೆ. 0.5 ಡಿಗ್ರಿಯಲ್ಲಿ ಕಿರಣದ ನಡುಭಾಗ ಅಲ್ಲಿ ಸುಮಾರು 450 ಮೀಟರ್ ಎತ್ತರದಲ್ಲಿ ಹಾಯುತ್ತದೆ, 2 ಡಿಗ್ರಿಗೆ ಏರಿಸಿದರೆ ಸುಮಾರು 1,500 ಮೀಟರ್ ಎತ್ತರಕ್ಕೆ ಹೋಗುತ್ತದೆ. ಆ ಮೇಲಿನ ಚಿತ್ರದಲ್ಲಿ ಚುಕ್ಕೆ ಇಲ್ಲವೇ ಇಲ್ಲ. ಅದು ಗುಡ್ಡ. ಎರಡನೆಯದು ಸುತ್ತಲ ಮೋಡದೊಡನೆ ಸರಿಯುತ್ತಿದೆ, ಮೇಲಿನ ಓರೆಗಳಲ್ಲಿಯೂ ಗಟ್ಟಿಯಾಗಿ ಉಳಿದಿದೆ, ಮತ್ತು ರಾಡಾರಿಗೆ ವಿಮುಖವಾದ ಬದಿಯಲ್ಲಿ ಅದರಿಂದ ಮುಳ್ಳಿನಂತಹ ಮಸುಕಾದ ಬಾಲವೊಂದು ಚಾಚಿದೆ. ಅಲೆಯು ಆಲಿಕಲ್ಲಿನಿಂದ ನೆಲಕ್ಕೆ ಸಿಡಿದು, ನೆಲದಿಂದ ಮತ್ತೆ ಆಲಿಕಲ್ಲಿಗೆ ತಾಗಿ ತಡವಾಗಿ ಮರಳಿದುದರಿಂದ ರಾಡಾರ್ ಅದನ್ನು ಇನ್ನೂ ದೂರದಲ್ಲಿರುವುದಾಗಿ ಬರೆದಿರುತ್ತದೆ. ಈ ಬಾಲವು ದೊಡ್ಡ ಆಲಿಕಲ್ಲಿನ ಬಲವಾದ ಗುರುತು. ಆದರೆ ಬಾಲವಿಲ್ಲವೆಂದು ಆಲಿಕಲ್ಲಿಲ್ಲ ಎನ್ನುವಂತಿಲ್ಲ.

ಒಂದೇ ಸಮನಾದ ಮಳೆಯಲ್ಲಿಯೂ ಮೋಸವಿದೆ. ಹಿಮದ ಹಳಕುಗಳು ಕರಗುವ ಎತ್ತರದಲ್ಲಿ ಮೈಯೆಲ್ಲ ನೀರಾಗಿ ಅಲೆಯನ್ನು ಜೋರಾಗಿ ಮರಳಿಸುವುದರಿಂದ, ರಾಡಾರಿನ ಸುತ್ತ ಹೊಳೆಯುವ ಉಂಗುರವೊಂದು ಮೂಡುತ್ತದೆ. ಅದನ್ನು ಬಿರುಮಳೆಯೆಂದು ಓದಬಾರದು.

ಪದದ ವಿಷಯಕ್ಕೆ ಬಂದರೆ, ನನ್ನ ಒಲವು ‘ನೆಲದ ಮರುಅಲೆ’ಯ ಕಡೆಗಿದೆ.

ಉತ್ತರ 4

‘ಮರುಅಲೆ’ ಎಂದರೆ ಮಳೆಯಿಂದ ಬಂದದ್ದೂ ಮರುಅಲೆಯೇ ಅಲ್ಲವೇ? ಬೇಡದ್ದು ಎಂಬ ಅರ್ಥ ಅದರಲ್ಲಿ ಬರುವುದಿಲ್ಲ. ‘ನೆಲದ ಕಸ’ ಎನ್ನಬಾರದೇಕೆ? ಸೋಸುವ ತಂತ್ರಾಂಶವೂ ಅದನ್ನು ಕಸದಂತೆಯೇ ತೆಗೆದುಹಾಕುತ್ತದೆ.

ಉತ್ತರ 3ರವರಿಂದ ಮತ್ತೆ

ತೆಗೆದುಹಾಕುವಾಗ ಕಾಳೂ ಹೋಗುತ್ತದೆ. ರಾಡಾರ್ ಅಳೆಯುವುದು ತನ್ನತ್ತ ಬರುವ ಅಥವಾ ತನ್ನಿಂದ ದೂರ ಸರಿಯುವ ವೇಗವನ್ನು ಮಾತ್ರ. ಕಿರಣಕ್ಕೆ ಅಡ್ಡಲಾಗಿ ಸಾಗುವ ನಿಜವಾದ ಮಳೆಗೂ ಸೊನ್ನೆಯ ವೇಗವೇ ಕಾಣುವುದರಿಂದ ಸೋಸುವಿಕೆ ಅದನ್ನೂ ಅಳಿಸಿಬಿಡಬಹುದು. ಆಗ ಚಿತ್ರದಲ್ಲಿ ಉಳಿಯುವ ಖಾಲಿ ಜಾಗವನ್ನು ಕಂಡು ಮಳೆ ನಿಂತಿತೆಂದು ಓದುವವರಿದ್ದಾರೆ. ಬೇಡದ್ದು ಎಂಬ ಅರ್ಥ ಪದದಲ್ಲಿ ಇರಲೇಬೇಕು ಎಂಬ ಮಾತನ್ನು ಮಾತ್ರ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ‘ಹುಸಿಮಳೆ’ಯನ್ನು ಕೈಬಿಟ್ಟಿದ್ದೇನೆ. ‘ನೆಲದ ಅಡ್ಡಿಯಲೆ’ ಎಂದರೆ ನೆಲವೂ, ಅಲೆಯೂ, ಬೇಡವೆಂಬ ಭಾವವೂ ಒಟ್ಟಿಗೆ ಬರುತ್ತವೆಯೇ, ಇಲ್ಲ ಅಲೆಗೇ ಅಡ್ಡಿಯಾಯಿತು ಎಂಬ ತಿರುವು ಅರ್ಥ ಹೊರಡುತ್ತದೆಯೇ ಎಂಬುದನ್ನು ತಿಳಿಸಬೇಕು. ‘ಜಡಿಮಳೆ’ಗೆ ನಾನು ಕೇಳಿ ಬೆಳೆದ ಅರ್ಥ ಬಿಡದೆ ಹಿಡಿದ ಮಳೆ ಎಂಬುದೇ ಆಗಿದೆ, ರಭಸದ ಮಳೆ ಎಂಬ ಬಳಕೆ ಯಾವ ಯಾವ ಕಡೆ ಇದೆಯೆಂದು ಬಲ್ಲವರು ಬರೆಯುವವರೆಗೆ ಕೈಪಿಡಿಯಲ್ಲಿ ‘ಎಡೆಬಿಡದ ಮಳೆ’ ಎಂದೇ ಇಟ್ಟಿರುತ್ತೇನೆ.