ಸಹಾಯ ಬೇಕ್ರಿ: ಕೇಕ್ ಮ್ಯಾಲೆ ಕನ್ನಡ ಅಕ್ಷರ ಒಂದ ಎತ್ತರಕ್ಕ ಬರವಲ್ವು

ನಮಸ್ಕಾರ್ರಿ. ಗದಗದಾಗ ಮನ್ಯಾಗ ಕೇಕ್ ಮಾಡತೀನಿ. ರವಿವಾರ ಅಕ್ಕನ ಮಗಳ ಬರ್ತ್‌ಡೇ ಐತಿ. 8 ಇಂಚಿನ ಕೇಕ್ ಮ್ಯಾಲೆ ಪೈಪಿಂಗ್ ಜೆಲ್‌ಲಿಂದ ‘ಹುಟ್ಟುಹಬ್ಬದ ಶುಭಾಶಯಗಳು’ ಅಂತ ಎರಡ ಸಾಲಿನ್ಯಾಗ ಬರೀಬೇಕು. ಇಂಗ್ಲಿಷ್‌ನ್ಯಾಗ ಬರದ್ರ ನನಗ ಸಸಾರ, ಆದ್ರ ಅಕ್ಕ ಕೇಳಂಗಿಲ್ಲ.

ಹಾಳಿ ಮ್ಯಾಲೆ 2 ಸೆಂಟಿಮೀಟರ್ ಅಂತರಕ್ಕ ಗೆರಿ ಹೊಡದು, ಅದರ ಮ್ಯಾಲೆ ಬಟರ್ ಪೇಪರ್ ಇಟ್ಟು ನಾಕ ದಿನದಿಂದ ಬರಿಯಾಕತ್ತೀನಿ. ಬರದ ಜೆಲ್ ಕೆರದು ಮತ್ತ ಕೋನ್‌ಗೆ ತುಂಬತೀನಿ. ಅಲ್ಲಿ ಛಲೋ ಬರತೈತಿ. ಕೇಕ್ ಮ್ಯಾಲೆ ಗೆರಿ ಇರಂಗಿಲ್ಲಲ್ರಿ, ‘ಹು’ ದೊಡ್ಡದಾಗಿ ಶುರುವಾಗಿ ‘ದ’ ಬರೂದ್ರಾಗ ಕಡ್ಲಿಕಾಳಿನಷ್ಟ ಆಗತೈತಿ. ‘ಟ್ಟು’ದ ಒತ್ತು ಇಳದು ಕೆಳಗಿನ ‘ಭಾ’ದ ತಲಿಕಟ್ಟಿಗೆ ಬಡೀತೈತಿ. ಕೋನ್ ತುದಿ ಜರಾ ದೊಡ್ಡ ಕತ್ತರಿಸಿದ್ರ ‘ಬ್ಬ’ದ ಹೊಟ್ಟಿ ಮುಚ್ಚೇ ಹೋಗತೈತಿ.

ದಾರ ಬಿಗಿಯಾಗಿ ಹಿಡದು ಕ್ರೀಮ್ ಮ್ಯಾಲೆ ಒತ್ತಿ ಗೆರಿ ಮೂಡಿಸಿ ನೋಡಿದೆ. ಫ್ರಿಜ್‌ನ್ಯಾಗ ಗಟ್ಟಿಯಾದ ಕೇಕ್‌ಗೆ ಆತು, ಮೆತ್ತಗಿದ್ದಾಗ ದಾರಕ್ಕ ಕ್ರೀಮ್ ಮೆತ್ಗೊಂಡು ಬಂತು.

ಕನ್ನಡದಾಗ ಬರಿಯೋರು ಹೇಳ್ರಿ: ಒತ್ತಿಗೆ ಅಂತ ಸಾಲಿನ ನಡುವ ಎಷ್ಟ ಜಾಗ ಬಿಡತೀರಿ? ನಡುವಿನ ಅಕ್ಷರದಿಂದ ಶುರು ಮಾಡತೀರೋ, ಎಡಕಿನಿಂದನೋ? ನಿಮ್ಮ ಕೇಕಿನ ಫೋಟೋ ಇದ್ರ ಹಾಕ್ರಿ.