ಪದಚರ್ಚೆ: ಬೆಳಿಗ್ಗೆ ಸಿಕ್ಕಿಕೊಳ್ಳುವ ಬೆರಳಿಗೆ ಏನನ್ನೋಣ?

ವೀಣಾ:
ಎಲ್ಲರಿಗೂ ನಮಸ್ಕಾರ. ರೋಗಿಗಳ ಕೈಗೆ ಕೊಡುವ ಒಂದು ಹಾಳೆಯ ಮಾಹಿತಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಟ್ರಿಗರ್ ಫಿಂಗರ್’ ಹತ್ತಿರ ಬಂದು ನಿಂತುಬಿಟ್ಟೆ. ಎದ್ದಾಗ ಮಡಚಿದ ಬೆರಳು ಬಿಚ್ಚುವುದಿಲ್ಲ, ಇನ್ನೊಂದು ಕೈಯಿಂದ ಎಳೆದರೆ ಟಕ್ ಅಂತ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಏನನ್ನೋಣ? ಟೆಂಡನ್‌ಗೆ ‘ನರ’, ಪುಲ್ಲಿಗೆ ‘ರಾಟೆ’ ಅಂತ ಬರೆದುಕೊಂಡಿದ್ದೇನೆ. ಸರಿ ಅಲ್ವಾ?

ಗಣಪತಿ:
ಕುದುರೆಬೆರಳು. ಬಂದೂಕಿನ ಕುದುರೆ ಅಂತ ನಮ್ಮಲ್ಲಿ ಮೊದಲಿಂದ ಇದೆ. ಇರುವುದನ್ನು ಬಿಟ್ಟು ಹುಡುಕುವುದು ಯಾಕೆ?

ರಾಘವ:
ಬಂದೂಕಿನ ಕುದುರೆ ಅಂದರೆ ಬೆರಳಿಟ್ಟು ಎಳೆಯುವುದೋ, ಹಿಂದಿನಿಂದ ಬಂದು ಬಡಿಯುವುದೋ? ನನಗೆ ಗೊತ್ತಿರುವಂತೆ ಎರಡನೆಯದು. ತೊಂದರೆ ಇರುವುದು ಗೆಣ್ಣಿನಲ್ಲಿ, ‘ಕೀಲುಹಿಡಿತ’ ಅನ್ನಿ. ನಮ್ಮ ಅಕ್ಕನಿಗೆ ನೋವು ಬೆರಳಿನ ನಡುಗೆಣ್ಣಿನಲ್ಲೇ ಇತ್ತು.

ಶಶಿಕಲಾ:
ನಾನು ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುವವಳು. ರಾಘವ ಅವರೇ, ನೋವು ನಡುಗೆಣ್ಣಿನಲ್ಲಿ ಅನ್ನಿಸುವುದು ನಿಜ. ಆದರೆ ಕೀಲು ಚೆನ್ನಾಗಿಯೇ ಇರುತ್ತದೆ. ಸಿಕ್ಕಿಕೊಳ್ಳುವ ಜಾಗ ಅಂಗೈಯಲ್ಲಿ, ಬೆರಳಿನ ಬುಡದಲ್ಲಿ. ಅಲ್ಲಿ ಹೆಬ್ಬೆಟ್ಟು ಒತ್ತಿಟ್ಟುಕೊಂಡು ಬೆರಳು ಮಡಚಿ ಬಿಚ್ಚಿ. ಒಂದು ಪುಟ್ಟ ಗಂಟು ಜಾರಿದ್ದು ಕೈಗೆ ಸಿಗುತ್ತದೆ.

ಟೆಂಡನ್ ಅಂದರೆ ಬೆರಳನ್ನು ಮಡಚುವ ಹುರಿ. ಅದು ಅಲ್ಲಿ ಪುಲ್ಲಿ ಅನ್ನುವ ಒಂದು ಬಿಗಿಯಾದ ಉಂಗುರದೊಳಗೆ ಹಾದುಹೋಗುತ್ತದೆ. ಉಂಗುರ ದಪ್ಪವಾಗಿ, ಹುರಿಯಲ್ಲಿ ಗಂಟು ಬಂದರೆ ಸೂಜಿಯ ಕಣ್ಣಿನಲ್ಲಿ ಗಂಟುದಾರ ಸಿಕ್ಕಿದ ಹಾಗೆ. ಹಾಗಾಗಿ ‘ರಾಟೆ’ ಬೇಡ, ಅಲ್ಲಿ ತಿರುಗುವುದು ಏನೂ ಇಲ್ಲ.

‘ನರ’ ಅಂತೂ ಖಂಡಿತ ಬೇಡ, ವೀಣಾ. ನನ್ನ ಹತ್ತಿರ ಬಂದಿದ್ದ ಒಬ್ಬ ಹೊಲಿಗೆಯವರು ‘ನರ ಕೊಯ್ತಾರೆ’ ಅಂತ ಯಾರೋ ಹೇಳಿದ್ದಕ್ಕೆ ಹೆದರಿ ಒಂದು ವರ್ಷ ಬರಲೇ ಇಲ್ಲ. ಉಂಗುರಬೆರಳು, ಜೊತೆಗೆ ಸಕ್ಕರೆ ಕಾಯಿಲೆ. ಮೊದಲು ಆರು ವಾರ ರಾತ್ರಿ ಪಟ್ಟಿ ಕಟ್ಟಿಸಿದೆವು. ಬುಡದ ಗೆಣ್ಣು ಮಾತ್ರ ನೆಟ್ಟಗೆ, ಮೇಲಿನ ಗೆಣ್ಣುಗಳು ಆಡುವ ಹಾಗೆ. ಸ್ವಲ್ಪ ಹಗುರಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಹುರಿಯ ಸುತ್ತಲಿನ ಪೊರೆಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್. ಅರ್ಧಕ್ಕಿಂತ ಜಾಸ್ತಿ ಜನರಿಗೆ ಇದರಿಂದಲೇ ಬಿಡುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಇವರಿಗೆ ನಾಲ್ಕು ದಿನ ಸಕ್ಕರೆ ಏರಿತ್ತು. ಹಾಗಾಗುತ್ತೆ ಅಂತ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಐದು ತಿಂಗಳು ಆರಾಮ. ಮತ್ತೆ ಶುರುವಾಯಿತು.

ಕೊನೆಗೆ ಅಂಗೈ ಮಾತ್ರ ಮರಗಟ್ಟಿಸಿ, ಒಂದೂವರೆ ಸೆಂಟಿಮೀಟರ್ ಕೊಯ್ದು ಆ ಉಂಗುರವನ್ನು ಬಿಡಿಸಿದೆ. ಟೇಬಲ್ ಮೇಲೇ ಬೆರಳು ಮಡಚಿ ತೋರಿಸಿದರು, ಎಲ್ಲೂ ಸಿಕ್ಕಲಿಲ್ಲ. ಹುರಿಯನ್ನು ಕೊಯ್ಯುವುದಿಲ್ಲ, ನರ ಪಕ್ಕದಲ್ಲೇ ಇರುವುದರಿಂದ ಕಾಪಾಡಿಕೊಂಡು ಹೋಗುತ್ತೇವೆ. ಮುಂದಿನ ದೊಡ್ಡ ಉಂಗುರವನ್ನೂ ಮುಟ್ಟಬಾರದು. ಮುಟ್ಟಿದರೆ ಹುರಿ ಬಿಲ್ಲಿನ ಹೆದೆಯಂತೆ ಎದ್ದು ನಿಲ್ಲುತ್ತದೆ.

ಇಷ್ಟಾದರೂ ಆ ವರ್ಷದ ಬೆಲೆ ಕೊಡಬೇಕಾಯಿತು. ಬಹಳ ದಿನ ಮಡಚಿಕೊಂಡೇ ಇದ್ದ ನಡುಗೆಣ್ಣು ಬಿಗಿದುಕೊಂಡು, ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಒಂದು ಪದ ಮಾಡಿದ ಕೆಲಸ ಅದು.

ಮಂಜುನಾಥ:
ಮೇಡಂ, ನನಗೂ ಇದೇ. ಬೆಳಿಗ್ಗೆ ಎರಡೂ ಕೈಯ ಬೆರಳುಗಳೆಲ್ಲ ಊದಿಕೊಂಡು ಬಿಗಿಯಾಗಿರುತ್ತವೆ. ಸಡಿಲಾಗೋಕೆ ಒಂದು ಗಂಟೆಗಿಂತ ಜಾಸ್ತಿ ಬೇಕು. ನಾನೂ ಪಟ್ಟಿ ಕಟ್ಟಲಾ?

ಶಶಿಕಲಾ:
ಬೇಡಿ. ಟಕ್ ಅನ್ನುತ್ತದೆ ಅಂತ ನೀವು ಹೇಳಲಿಲ್ಲ, ಎರಡೂ ಕೈ, ಊತ, ಅಷ್ಟು ಹೊತ್ತು ಬಿಗಿತ. ಇದು ಕೀಲುವಾತ ಇರಬಹುದು. ಈ ವಾರವೇ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಬೇಕಾಗುತ್ತದೆ.

ಗಣಪತಿ:
ಹುರಿ, ಉಂಗುರ ಒಪ್ಪಿದೆ. ‘ಇಂಜೆಕ್ಷನ್’ ಯಾಕೆ? ಚುಚ್ಚುಮದ್ದು ಸತ್ತಿದೆಯಾ? ಹೀಗೇ ಒಂದೊಂದೇ ಬಿಟ್ಟುಕೊಟ್ಟು ಕನ್ನಡ ಬರೀ ವಿಭಕ್ತಿ ಹಚ್ಚುವ ಭಾಷೆಯಾಗುತ್ತಿದೆ.

ರಾಘವ:
ಇಂಜೆಕ್ಷನ್ ಎಲ್ಲರ ಬಾಯಲ್ಲೂ ಇದೆ, ಅದೂ ಕನ್ನಡವೇ. ಕೀಲುಹಿಡಿತ ವಾಪಸ್ ತಗೊಂಡೆ. ಜರ್ಮನ್ನರು ‘ಚಿಮ್ಮುವ ಬೆರಳು’ ಅಂತಾರೆ, ಜಪಾನಿಗಳು ‘ಸ್ಪ್ರಿಂಗ್ ಬೆರಳು’. ಬಂದೂಕು ಇಲ್ಲದೆಯೂ ಹೆಸರಿಡಬಹುದು.

ಗಣಪತಿ:
ಜಪಾನಿಗಳನ್ನು ಕೇಳಿಕೊಂಡು ಕನ್ನಡ ಕಟ್ಟಬೇಕಾಗಿಲ್ಲ.

ವೀಣಾ:
ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ ‘ಸಿಕ್ಕುಬೆರಳು’ ಅಂತ ಇಡುತ್ತಿದ್ದೇನೆ, ಕೆಳಗೆ ಸಣ್ಣಕ್ಷರದಲ್ಲಿ ಟ್ರಿಗರ್ ಫಿಂಗರ್, ಡಾಕ್ಟರು ಅದನ್ನೇ ಹೇಳುವುದರಿಂದ. ಮೊದಲ ಸಾಲು ಹೀಗಿದೆ: ‘ಬೆರಳನ್ನು ಮಡಚುವ ಹುರಿ ಅಂಗೈಯ ಉಂಗುರದಲ್ಲಿ ಸಿಕ್ಕಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಬಿಡಿಸುವುದು ಆ ಉಂಗುರವನ್ನು. ಹುರಿಯನ್ನೂ ನರವನ್ನೂ ಕೊಯ್ಯುವುದಿಲ್ಲ.’ ಇಂಜೆಕ್ಷನ್ ಹಾಗೇ ಇರುತ್ತದೆ, ಗಣಪತಿ ಅವರೇ.

ಗಣಪತಿ:
ಸಿಕ್ಕು ಅಂದರೆ ಕೂದಲ ಸಿಕ್ಕು. ನನ್ನ ಒಪ್ಪಿಗೆ ಇಲ್ಲ.