ಹೇರಿದ್ದೋ, ಹೀರಿದ್ದೋ? ಓವರ್‌ಹೆಡ್‌ಗೆ ಕನ್ನಡ ಪದ

ಪ್ರಶ್ನೆ: ಜಾಬ್ ಕಾಸ್ಟಿಂಗ್ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲೇ ಗೊತ್ತುಮಾಡಿದ ದರದಲ್ಲಿ ಜಾಬ್‌ಗೆ ಸೇರಿಸುವ ಮೇಲುವೆಚ್ಚಕ್ಕೆ, ಅಂದರೆ ಅಪ್ಲೈಡ್ ಓವರ್‌ಹೆಡ್‌ಗೆ, ‘ಅನ್ವಯಿಸಿದ’ ಎಂದರೆ ಕಾನೂನಿನ ವಾಸನೆ ಬರುತ್ತದೆ. ‘ಹೇರಿದ’ ಸರಿಯೇ? ಅಂಡರ್ ಅಪ್ಲೈಡ್ ಅಂದರೆ?

ಉತ್ತರ 1: ‘ಮಿತಿಮೀರಿದ ಖರ್ಚು’ ಅನ್ನಿ. ಅಂದಾಜಿಗಿಂತ ಹೆಚ್ಚು ಖರ್ಚಾಗಿದೆ ಎಂದೇ ಅರ್ಥ ತಾನೆ?

ಉತ್ತರ 2: ಅರ್ಧ ಮಾತ್ರ ಸರಿ. ವರ್ಷಕ್ಕೆ 12,00,000 ಮೇಲುವೆಚ್ಚ, 40,000 ಯಂತ್ರಗಂಟೆ ಎಂದು ಅಂದಾಜಿಸಿದರೆ ದರ ಗಂಟೆಗೆ 30. ನಿಜವಾಗಿ ಯಂತ್ರ ಓಡಿದ್ದು 38,000 ಗಂಟೆ, ಹಾಗಾಗಿ ಜಾಬ್‌ಗಳ ಮೇಲೆ ಬಿದ್ದದ್ದು 11,40,000. ನಿಜವಾದ ಖರ್ಚು 12,10,000. ಕೊರತೆ 70,000. ಖರ್ಚು ಅಂದಾಜಿನಷ್ಟೇ, ಅಂದರೆ 12,00,000 ಆಗಿದ್ದರೂ 60,000 ಕೊರತೆ ಉಳಿಯುತ್ತಿತ್ತು, ಯಂತ್ರ 2,000 ಗಂಟೆ ಕಡಿಮೆ ಓಡಿದ್ದಕ್ಕೆ. ‘ಮಿತಿಮೀರಿದ’ ಎಂದು ಬರೆದರೆ ಓದುಗ ಖರ್ಚು ಮಾಡಿದವನ ಮೇಲೆ ತಪ್ಪು ಹೊರಿಸುತ್ತಾನೆ. ಮೇಲುವೆಚ್ಚವನ್ನು ಜಾಬ್ ಹೀರಿಕೊಳ್ಳುತ್ತದೆ ಎಂಬ ಅರ್ಥದಲ್ಲಿ ‘ಹೀರಿಕೆ ಕೊರತೆ’ ಎಂಬುದು ನನ್ನ ಆಯ್ಕೆ. ಹೆಚ್ಚಾದರೆ ‘ಹೆಚ್ಚುವರಿ ಹೀರಿಕೆ’.

ಉತ್ತರ 3: ನಮ್ಮ ಪ್ರೆಸ್ಸಿನಲ್ಲಿ ವರ್ಷದ ಕೊನೆಗೆ ಎಲ್ಲ ಜಾಬ್ ಕಾರ್ಡ್ ತೆಗೆದು ನಿಜವಾದ ದರ ಹಾಕಿ ತಿದ್ದುತ್ತೇವೆ. ಅದಕ್ಕೆ ‘ಸರಿದೂಗಿಸು’ ಅನ್ನುತ್ತೇವೆ. ಅದೇ ಪದ ಸಾಲದೇ?

ಉತ್ತರ 2: ಅದು ಬೇರೆಯೇ ಕೆಲಸ. ಇಲ್ಲಿ ಕೇಳಿರುವುದು ಖಾತೆ ಮುಚ್ಚುವ ನಮೂದಿನ ಮಾತು, ಅದಕ್ಕೆ ಕಾರ್ಡ್ ಮುಟ್ಟಬೇಕಿಲ್ಲ. ಮೇಲುವೆಚ್ಚ ನಿಯಂತ್ರಣ ಖಾತೆಗೆ ನಿಜವಾದ ಖರ್ಚು ಡೆಬಿಟ್, ಹೀರಿದ್ದು ಕ್ರೆಡಿಟ್. ಉಳಿದ 70,000 ಡೆಬಿಟ್ ಬಾಕಿಯನ್ನು ಹೀಗೆ ಮುಚ್ಚುವುದು:

ಮಾರಾಟವಾದ ಸರಕಿನ ವೆಚ್ಚ ಖಾತೆ – ಡೆಬಿಟ್ 70,000
ಮೇಲುವೆಚ್ಚ ನಿಯಂತ್ರಣ ಖಾತೆ – ಕ್ರೆಡಿಟ್ 70,000

ಹೀರಿಕೆ ಹೆಚ್ಚಾಗಿದ್ದರೆ ಇದೇ ನಮೂದು ತಿರುವುಮುರುವು. ಮೊತ್ತ ದೊಡ್ಡದಾದರೆ ಹಂಚುವವರೂ ಇದ್ದಾರೆ. ಹೀರಿದ ಮೇಲುವೆಚ್ಚದಲ್ಲಿ ಶೇ 70 ಮಾರಾಟವಾದ ಸರಕಿನಲ್ಲಿ, ಶೇ 10 ಸಿದ್ಧ ಸರಕಿನಲ್ಲಿ, ಶೇ 20 ಅರ್ಧ ಮುಗಿದ ಕೆಲಸದಲ್ಲಿ ಉಳಿದಿದ್ದರೆ, ಕ್ರಮವಾಗಿ 49,000, 7,000, 14,000. ಆದರೆ ಹೊರಗಿನವರಿಗೆ ಕೊಡುವ ಲೆಕ್ಕದಲ್ಲಿ ಎಚ್ಚರ: ದಾಸ್ತಾನಿನ ಅಂತರರಾಷ್ಟ್ರೀಯ ಲೆಕ್ಕ ಮಾನದಂಡವಾದ ಐಎಎಸ್ 2ರ ಪ್ರಕಾರ ಯಂತ್ರ ಸುಮ್ಮನೆ ನಿಂತದ್ದರಿಂದ ಹಂಚದೆ ಉಳಿದ ಸ್ಥಿರ ಮೇಲುವೆಚ್ಚ ದಾಸ್ತಾನಿನ ಬೆಲೆಗೆ ಸೇರಕೂಡದು, ಅದೇ ಅವಧಿಯ ಖರ್ಚಾಗಬೇಕು.

ಪ್ರಶ್ನೆ ಕೇಳಿದವರು: ‘ಹೀರಿಕೆ ಕೊರತೆ’ ಇಟ್ಟುಕೊಳ್ಳುತ್ತೇನೆ. ಆದರೆ ಹೀರುವುದು ಜಾಬ್, ಹೇರುವುದು ಲೆಕ್ಕಿಗ. ನಮೂದು ಬರೆಯುವವನ ಕ್ರಿಯೆ ಹೇಳುವಾಗ ‘ಹೇರು’ ಬೇಡವೇ?

ಉತ್ತರ 2: ವಾಕ್ಯದಲ್ಲಿ ‘ಜಾಬ್‌ಗೆ ಹೇರಿ’ ಎನ್ನಬಹುದು. ಆದರೆ ಒಂದೇ ಪುಟದಲ್ಲಿ ಎರಡೂ ಬಂದರೆ ಕರಡು ತಿದ್ದುವವರು ಒಂದನ್ನು ಅಚ್ಚಿನ ತಪ್ಪೆಂದು ಇನ್ನೊಂದಕ್ಕೆ ಬದಲಿಸಿಬಿಡುತ್ತಾರೆ.

ಉತ್ತರ 1: ಹಾಗಾದರೆ ‘ವಸೂಲಾದ’?

ಉತ್ತರ 2: ಗಿರಾಕಿ ದುಡ್ಡು ಕೊಟ್ಟಂತೆ ಕೇಳಿಸುತ್ತದೆ. ಜಾಬ್ ಇನ್ನೂ ಅರ್ಧದಲ್ಲಿದ್ದಾಗಲೂ ಹೀರಿಕೆ ನಡೆದಿರುತ್ತದಲ್ಲ.